ಎರಡು ಚೀಲವೋ, ನೂರು ಚೀಲವೋ? ಜಿಪ್ಸಂ ಲೆಕ್ಕ ಹೀಗೆ

ಸಿಂಧನೂರು ಕಡೆಯ ರೈತರೊಬ್ಬರು ಮಣ್ಣು ಪರೀಕ್ಷೆಯ ಚೀಟಿಯನ್ನು ನಮ್ಮ ಕೈಗಿಟ್ಟರು. "ಎಕರೆಗೆ ಎರಡು ಚೀಲ ಜಿಪ್ಸಂ ಹಾಕ್ರಿ ಅಂದಾರ್ರಿ. ಎರಡು ವರ್ಷ ಹಾಕೀನಿ, ಭತ್ತ ಮತ್ತೆ ಹಳದಿ ಆಗೈತಿ" ಅಂದರು. ಅವರದು ಎರೆಭೂಮಿ. ಮಳೆ ನಿಂತರೆ ಗದ್ದೆಯ ನೀರು ವಾರಗಟ್ಟಲೆ ರಾಡಿಯಾಗಿಯೇ ಇರುತ್ತದೆ. ಒಣಗಿದರೆ ಮಣ್ಣು ಕಲ್ಲಾಗುತ್ತದೆ. ಇದು ಕ್ಷಾರ ಭೂಮಿಯ ಲಕ್ಷಣ. ಅವರ ಜೊತೆ ಕಟ್ಟೆಯ ಮೇಲೆ ಕೂತು ನಾವು ಲೆಕ್ಕ ಹಾಕಿದೆವು.

ಚೀಟಿಯಲ್ಲಿ ನೋಡಬೇಕಾದ ಅಂಕಿ ಎರಡು. ಒಂದು ಸಿಇಸಿ, ಇನ್ನೊಂದು ಇಎಸ್‌ಪಿ. ಮಣ್ಣಿನ ಕಣವನ್ನು ಬಸ್ಸು ಅಂದುಕೊಳ್ಳಿ. ಒಟ್ಟು ಸೀಟು ಎಷ್ಟು ಅನ್ನುವುದು ಸಿಇಸಿ. ಅದರಲ್ಲಿ ನೂರಕ್ಕೆ ಎಷ್ಟು ಸೀಟು ಸೋಡಿಯಂ ಹಿಡಿದಿದೆ ಅನ್ನುವುದು ಇಎಸ್‌ಪಿ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಹಾಗಾಗಿ ಎಷ್ಟು ಸೀಟು ಖಾಲಿ ಮಾಡಿಸಬೇಕೋ ಅಷ್ಟಕ್ಕೆ ತಕ್ಕಷ್ಟು ಜಿಪ್ಸಂ ಬೇಕೇ ಬೇಕು.

ಈ ಹೊಲದ ಸಿಇಸಿ 40, ಇಎಸ್‌ಪಿ 25. ಅದನ್ನು 10ಕ್ಕೆ ಇಳಿಸುವುದು ನಮ್ಮ ಗುರಿ. ಅಂದರೆ ನೂರಕ್ಕೆ 15 ಸೀಟು ಖಾಲಿಯಾಗಬೇಕು. ಒಟ್ಟು 40ರಲ್ಲಿ ನೂರಕ್ಕೆ 15 ಅಂದರೆ 6.

ಇಂಥ ಒಂದೊಂದು ಅಂಕಕ್ಕೂ ಪ್ರತಿ ಟನ್ ಮಣ್ಣಿಗೆ 0.86 ಕೆ.ಜಿ. ಶುದ್ಧ ಜಿಪ್ಸಂ ಬೇಕು. 6 ಅಂಕಕ್ಕೆ ಸುಮಾರು 5.16 ಕೆ.ಜಿ. ಆಯಿತು.

ಇನ್ನು ಮಣ್ಣು ಎಷ್ಟು ಟನ್? ಇಲ್ಲೇ ಆಳದ ಮಾತು ಬರುವುದು. ಎಕರೆ ಅಂದರೆ 4,047 ಚದರ ಮೀಟರ್. 15 ಸೆಂ.ಮೀ. ಆಳಕ್ಕೆ ಸುಮಾರು 607 ಘನ ಮೀಟರ್ ಮಣ್ಣು. ಒಂದು ಘನ ಮೀಟರ್ 1.3 ಟನ್ ತೂಗುತ್ತದೆ ಅಂತ ಹಿಡಿದರೆ ಸುಮಾರು 790 ಟನ್. ಅದನ್ನು 5.16ರಿಂದ ಗುಣಿಸಿದರೆ ಹೆಚ್ಚುಕಡಿಮೆ 4 ಟನ್ ಜಿಪ್ಸಂ. ಸಿಗುವ ಜಿಪ್ಸಂ ನೂರಕ್ಕೆ 80ರಷ್ಟೇ ಶುದ್ಧವಾಗಿದ್ದರೆ 0.8ರಿಂದ ಭಾಗಿಸಬೇಕು: 5.1 ಟನ್. 50 ಕೆ.ಜಿ.ಯ ಚೀಲದ ಲೆಕ್ಕದಲ್ಲಿ 102 ಚೀಲ!

ಎರಡು ಚೀಲ ಅನ್ನುವುದು ಬೆಳೆಗೆ ಗಂಧಕ, ಸುಣ್ಣದಂಶ ಕೊಡುವ ಪ್ರಮಾಣ. ಮಣ್ಣು ಸರಿಪಡಿಸುವ ಪ್ರಮಾಣ ಅದಲ್ಲ.

ಆಳವನ್ನು 30 ಸೆಂ.ಮೀ.ಗೆ ಹೆಚ್ಚಿಸಿದರೆ, ಕೆಳಗಿನ ಮಣ್ಣೂ ಅಷ್ಟೇ ಕೆಟ್ಟಿದ್ದರೆ, ಜಿಪ್ಸಂ ಕೂಡ ಎರಡರಷ್ಟಾಗುತ್ತದೆ. ಖರ್ಚೂ ಎರಡರಷ್ಟು. ಭತ್ತದ ಬೇರು ಬಹುಪಾಲು ಮೇಲಿನ ಪದರದಲ್ಲೇ ಇರುವುದರಿಂದ ಮೊದಲ ವರ್ಷ 15 ಸೆಂ.ಮೀ. ಸಾಕು. ಹತ್ತಿ, ತೊಗರಿಯಂಥ ಆಳದ ಬೇರಿನ ಬೆಳೆ ಬೇಕೆಂದರೆ ಮುಂದೆ ಕೆಳಪದರದ ಲೆಕ್ಕವನ್ನೂ ಹಾಕಬೇಕು. ಅದಕ್ಕೇ ಮಣ್ಣಿನ ಮಾದರಿ ತೆಗೆಯುವಾಗ 0–15 ಮತ್ತು 15–30 ಸೆಂ.ಮೀ. ಬೇರೆ ಬೇರೆ ಚೀಲಕ್ಕೆ ತುಂಬಿ. ಎರಡನ್ನೂ ಬೆರೆಸಿದರೆ ಯಾವ ಪದರಕ್ಕೂ ಲೆಕ್ಕ ಕೂಡುವುದಿಲ್ಲ.

ಒಂದು ಗೊಂದಲ ತಪ್ಪಿಸಿಕೊಳ್ಳಿ. ಕೆಲವು ಪ್ರಯೋಗಾಲಯಗಳು ಚೀಟಿಯಲ್ಲೇ 'ಜಿಪ್ಸಂ ಅಗತ್ಯ' ಎಂದು ನೇರವಾಗಿ ಬರೆದುಕೊಡುತ್ತವೆ. ಆ ಪರೀಕ್ಷೆಯಲ್ಲಿ ಮಣ್ಣಿನ ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಕೂಡ ಸೇರಿ ಅಂಕಿ ಹೆಚ್ಚಿಗೆ ಬರುತ್ತದೆ. ಭತ್ತಕ್ಕೆ ಅದರ ಅರ್ಧ ಸಾಕು ಅನ್ನುವ ಮಾತು ಆ ಅಂಕಿಗೆ ಸಂಬಂಧಿಸಿದ್ದು. ಇಎಸ್‌ಪಿಯಿಂದ ನಾವು ಹಾಕಿದ ಈ ಲೆಕ್ಕವನ್ನು ಅರ್ಧ ಮಾಡಬೇಡಿ.

102 ಚೀಲ ಅಂದಾಗ ಆ ಅಣ್ಣ ಸುಮ್ಮನಾದರು. ಇದ್ದ ನಾಲ್ಕು ಎಕರೆಗೂ ಅಷ್ಟು ದುಡ್ಡು ಹೊಂದಿಸುವುದು ಆಗದ ಮಾತು. ಇಂಥಲ್ಲಿ ನಾಲ್ಕು ಎಕರೆಗೆ ಚೂರು ಚೂರು ಹರಡುವ ಬದಲು, ತೀರಾ ಕೆಟ್ಟ ಒಂದು ಎಕರೆಗೆ ಪೂರ್ತಿ ಹಾಕುವುದು ಲೇಸು.

ಹಾಕುವ ಮುಂಚೆ ಬಸಿಗಾಲುವೆ ಇರಲೇಬೇಕು. ಎದ್ದು ಬಂದ ಸೋಡಿಯಂ ನೀರಿನ ಜೊತೆ ಹೊಲದಿಂದ ಹೊರಗೆ ಹೋಗದಿದ್ದರೆ ಹಾಕಿದ್ದೆಲ್ಲ ದಂಡ. ಹೊಲ ಮಟ್ಟ ಮಾಡಿ, ಪುಡಿ ಜಿಪ್ಸಂ ಸಮನಾಗಿ ಹರಡಿ, ಮೇಲಿನ ನಾಲ್ಕು ಇಂಚು ಮಣ್ಣಿಗಷ್ಟೇ ಬೆರೆಸಿ, ನೀರು ನಿಲ್ಲಿಸಿ. ಆಳವಾಗಿ ಉಳಬೇಡಿ. ನೀರೇ ಅದನ್ನು ಕೆಳಗಿಳಿಸುತ್ತದೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಜಿಪ್ಸಂ ಕರಗುವುದು ಎರಡೂವರೆ ಗ್ರಾಂ ಮಾತ್ರ. ಆ ಲೆಕ್ಕಕ್ಕೆ 4 ಟನ್ ಕರಗಲು ಹೊಲದ ಮೇಲೆ ಸುಮಾರು 40 ಸೆಂ.ಮೀ. ನೀರು ಹಾಯಬೇಕು. ಒಂದೇ ನೀರಿಗೆ ಮುಗಿಯುವ ಕೆಲಸವಲ್ಲ ಇದು.

ಕೆಲಸ ಆಗುತ್ತಿದೆಯೇ ಅಂತ ತಿಳಿಯಲು ಹೊಲದ ಒಣ ಹೆಂಟೆಯ ಚೂರೊಂದನ್ನು ಗಾಜಿನ ಲೋಟದ ಮಳೆನೀರಿಗೆ ಬಿಡಿ, ಅಲ್ಲಾಡಿಸಬೇಡಿ. ಮರುದಿನವೂ ಚೂರಿನ ಸುತ್ತ ನೀರು ರಾಡಿಯಾಗಿದ್ದರೆ ಸೋಡಿಯಂ ಇನ್ನೂ ಸೀಟು ಬಿಟ್ಟಿಲ್ಲ. ನೀರು ತಿಳಿಯಾಗಿದ್ದರೆ ದಾರಿ ಸರಿ ಇದೆ. ಬೆಳೆ ಕೊಯ್ದ ಮೇಲೆ ಇಎಸ್‌ಪಿ ಮತ್ತೊಮ್ಮೆ ಪರೀಕ್ಷಿಸಿ, ಹೊಸ ಅಂಕಿ ಹಿಡಿದು ಇದೇ ಲೆಕ್ಕ ಹಾಕಿ.