ಮಾಸ್ತರರ ಮಾತು ಬರೆಹವಾದ ಬಗೆ

ವಚನವೆಂದರೆ ಆಡಿದ ಮಾತು ಎಂಬುದನ್ನು ಈ ಪುಟದ ಓದುಗ ಬಂಧುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆಡಿದ ಮಾತು ಬರೆಹಕ್ಕೆ ಇಳಿಯುವಾಗ ಆಡಿದವರ ಪಾಲೆಷ್ಟು, ಬರೆದವರ ಪಾಲೆಷ್ಟು ಎಂಬ ಪ್ರಶ್ನೆಯೂ ನಮಗೆ ಹೊಸದಲ್ಲ. ಓಲೆಗರಿಯ ಕಾಲ ಕಳೆದು ಅಂತರ್ಜಾಲದ ಮೂಲಕ ಉಪನ್ಯಾಸ ನಡೆಯುವ ಕಾಲದಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆಯ ಒಂದು ಪ್ರಸಂಗ ಸಾಕ್ಷಿಯಾಗಿದೆ.

2020ರ ಆಗಸ್ಟ್ ತಿಂಗಳು. ಕಾಲೇಜುಗಳೆಲ್ಲ ಮುಚ್ಚಿದ್ದ ಆ ದಿನಗಳಲ್ಲಿ ಒಂದು ಕಾಲೇಜಿನ ಕನ್ನಡ ವಿಭಾಗವು ಮಗ್ಗದ ಪದಗಳನ್ನು ಕುರಿತು ವೆಬಿನಾರ್ ಏರ್ಪಡಿಸಿತ್ತು. ಮಾತನಾಡಿದವರು ನೇಕಾರರ ಮನೆಯಲ್ಲಿ ಹುಟ್ಟಿ, ಮುಂದೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಹಿರಿಯರು, ಊರವರೆಲ್ಲರಿಗೂ ಮಾಸ್ತರರು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಅವರು 1 ಗಂಟೆ 35 ನಿಮಿಷ ಮಾತನಾಡಿದರು. ಧ್ವನಿಮುದ್ರಿಕೆಯನ್ನು ಇಬ್ಬರು ವಿದ್ಯಾರ್ಥಿಗಳು ಕೇಳಿ ಕೇಳಿ ಬೆರಳಚ್ಚು ಮಾಡಿದರು. ಒಂದು ಗಂಟೆಯ ಮಾತನ್ನು ಹೀಗೆ ಇಳಿಸಲು ನಾಲ್ಕರಿಂದ ಆರು ಗಂಟೆಯಾದರೂ ಬೇಕು. ಹೊಸಬರಾದ ಅವರಿಗೆ ಇನ್ನೂ ಹೆಚ್ಚೇ ಹಿಡಿಯಿತು. ಸುಮಾರು ಎಂಟು ಸಾವಿರ ಪದಗಳ ಆ ಪ್ರತಿಯನ್ನು ಸಾವಿರದೈನೂರು ಪದಗಳ ಲೇಖನವಾಗಿಸುವ ಹೊಣೆ ವಿಭಾಗದ ಕಿರಿಯ ಉಪನ್ಯಾಸಕಿಯ ಪಾಲಿಗೆ ಬಂದಿತು.

ಪ್ರತಿಯನ್ನು ಓದಿದಾಗ ಆಕೆಗೆ ಅದು ಆಗಲೇ ಅಚ್ಚುಕಟ್ಟಾಗಿದೆ ಎನಿಸಿತು. ಸಂದೇಹ ಬರಬೇಕಾದದ್ದು ಅಲ್ಲಿಯೇ. ಧ್ವನಿಮುದ್ರಿಕೆಯ ಮೊದಲ ಐದು ನಿಮಿಷಗಳನ್ನು ಪ್ರತಿಯೊಡನೆ ಹಿಡಿದು ನೋಡಿದಾಗ ಮಾಸ್ತರರು 'ಹಂಗ' ಎಂದಲ್ಲೆಲ್ಲ 'ಹಾಗೆ' ಎಂದೂ, 'ಐತಿ' ಎಂದಲ್ಲೆಲ್ಲ 'ಇದೆ' ಎಂದೂ ಬರೆಯಲಾಗಿತ್ತು. ವಿದ್ಯಾರ್ಥಿಗಳೂ ಅದೇ ಸೀಮೆಯವರೇ, ಮನೆಯಲ್ಲಿ 'ಹಂಗ' ಎನ್ನುವವರೇ. ಆದರೆ ಪೆನ್ನು ಹಿಡಿದೊಡನೆ ಶಾಲೆಯ ಕನ್ನಡ ಬರೆಯುವುದು ಅವರ ಕೈಗೆ ರೂಢಿಯಾಗಿತ್ತು. ಕಿವಿ ಒಂದನ್ನು ಕೇಳಿತ್ತು, ಕೈ ಇನ್ನೊಂದನ್ನು ಬರೆದಿತ್ತು. ಸಂಪಾದನೆಯ ಕೆಲಸ ಆರಂಭವಾಗುವ ಮೊದಲೇ ದನಿಯ ಒಂದು ಪಾಲು ಹೋಗಿಯಾಗಿತ್ತು ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಆದುದರಿಂದ ಆಕೆಯ ಮೊದಲ ಕೆಲಸ ಕತ್ತರಿಸುವುದಾಗದೆ ಪ್ರತಿಯನ್ನು ಮತ್ತೆ ಮಾತಿಗೆ ಹೊಂದಿಸುವುದಾಯಿತು. ಪ್ರತಿ ಖಂಡದ ಅಂಚಿನಲ್ಲಿ ಅದು ಎಷ್ಟನೆಯ ನಿಮಿಷದ ಮಾತೆಂಬುದನ್ನೂ ಬರೆದಿಟ್ಟಳು. ಮುಂದೆ ಇದೇ ಆಕೆಯನ್ನು ಕಾಯಿತು.

ಮಾಸ್ತರರ ಮಾತಿನ ತಿರುಳು ಇಳಕಲ್ ಸೀರೆಯ ಸೆರಗನ್ನು ಕುರಿತದ್ದು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಆದುದರಿಂದಲೇ ಅಲ್ಲಿ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಪಡಿಸಬೇಕಾಗುತ್ತದೆ. ಇದನ್ನು ಮಾಸ್ತರರು ಹೇಳಿದ್ದು ಹೀಗೆ:

"ಈಗ ನೋಡ್ರಿ, ಏನಾಕ್ಕೈತಿ ಅಂದ್ರ, ಒಡಲಿಂದು ಹತ್ತಿ ಹಾಸು, ಸೆರಗಿಂದು ರೇಶ್ಮಿ ಹಾಸು. ಎರಡೂ ಬ್ಯಾರೆ ಬ್ಯಾರೆ. ಇವೆರಡೂ... ಕೇಳಸ್ತೈತೇನ್ರಿ? ಹಾಂ. ಇವೆರಡನ್ನೂ ಗಂಟು ಹಾಕಿದ್ರ... ಅಲ್ಲ, ಗಂಟಲ್ಲ ಅದು, ಕೊಂಡಿ. ಗಂಟು ಹಾಕೂದಿಲ್ಲ. ಒಂದರ ಕೊಂಡ್ಯಾಗ ಒಂದು ಸಿಗಸತಾರ. ನಮ್ಮವ್ವ ಸಿಗಸತಿದ್ಲು. ನಾ ನೋಡೀನಿ, ಮಾಡಿಲ್ಲ. ಒಂದೊಂದ ಎಳಿ. ಒಂದೊಂದ ಎಳಿ."

ಉಪನ್ಯಾಸಕಿಯ ಮೊದಲ ಕರಡಿನಲ್ಲಿ ಇದು ಹೀಗಾಯಿತು: "ಇಳಕಲ್ ಸೀರೆಯಲ್ಲಿ ಒಡಲಿನ ಹತ್ತಿಯ ಹಾಸು ಹಾಗೂ ಸೆರಗಿನ ರೇಷ್ಮೆಯ ಹಾಸುಗಳನ್ನು ಕೊಂಡಿ ವಿಧಾನದಿಂದ ಜೋಡಿಸಲಾಗುತ್ತದೆ. ಇದು ಅತ್ಯಂತ ಸೂಕ್ಷ್ಮವಾದ ಕಾರ್ಯವಾಗಿದೆ."

ವ್ಯಾಕರಣದಲ್ಲಿ ತಪ್ಪಿಲ್ಲ, ವಿಷಯದಲ್ಲಿಯೂ ತಪ್ಪಿಲ್ಲ. ಆದರೆ 'ಅತ್ಯಂತ ಸೂಕ್ಷ್ಮ' ಎಂಬ ಮಾತನ್ನು ಮಾಸ್ತರರು ಆಡಿಯೇ ಇರಲಿಲ್ಲ. ಅವರು 'ಒಂದೊಂದ ಎಳಿ' ಎಂದು ಎರಡು ಸಲ ಹೇಳಿ ಸುಮ್ಮನಾಗಿದ್ದರು. ಆ ಎರಡನೆಯ ಸಲವನ್ನು ಪುನರುಕ್ತಿಯೆಂದು ತೆಗೆದು, ತೆರವಾದ ಜಾಗವನ್ನು ಆಕೆ ಒಂದು ವಿಶೇಷಣದಿಂದ ತುಂಬಿದ್ದಳು. 'ಜೋಡಿಸಲಾಗುತ್ತದೆ' ಎಂಬ ಕರ್ಮಣಿ ಪ್ರಯೋಗದಲ್ಲಿ ಜೋಡಿಸುವವರೇ ಕಾಣದಾದರು.

ಮಾಸ್ತರರ ಕಣ್ಣು ಮಂದವಾಗಿದ್ದುದರಿಂದ ಕರಡನ್ನು ದೂರವಾಣಿಯಲ್ಲಿ ಓದಿ ಕೇಳಿಸುವುದೆಂದು ನಿಶ್ಚಯವಾಗಿತ್ತು. ಓದು ಮುಗಿಯುವವರೆಗೆ ಅವರು ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ತಂಗಿ, ಎಲ್ಲಾ ಛಲೋ ಬರದೀ. ನಮ್ಮವ್ವ ಎಲ್ಲಿ ಹ್ವಾದ್ಲು?"

ಆಕೆ ಹುಡುಕಿ ನೋಡಿದಳು. ಮಾತಿನಲ್ಲಿ ಅವ್ವ ಐದು ಕಡೆ ಬಂದಿದ್ದಳು, ಕರಡಿನಲ್ಲಿ ಒಂದು ಕಡೆಯೂ ಇರಲಿಲ್ಲ. ಸೆರಗಿನ 'ತೋಪ್ ತೆನಿ'ಯ ವಿಚಾರ ಬಂದಾಗ ಮಾಸ್ತರರು, "ತೆನಿ ಅಂದ್ರ ಜ್ವಾಳದ ತೆನಿ ಅಂತ ನಮ್ಮವ್ವ ಹೇಳತಿದ್ಲು, ಖರೇನೋ ಏನೋ" ಎಂದಿದ್ದರು. ಕರಡಿನಲ್ಲಿ ಅದು "ತೆನಿ ಎಂಬುದು ಜೋಳದ ತೆನೆಯನ್ನು ಸೂಚಿಸುತ್ತದೆ" ಎಂದಾಗಿತ್ತು. ಹೇಳಿದವಳೂ ಹೋಗಿದ್ದಳು, ಹೇಳುವವರ ಅನುಮಾನವೂ ಹೋಗಿತ್ತು. 'ಖರೇನೋ ಏನೋ' ಎಂಬುದನ್ನು ಮಾತಿನ ಕಸವೆಂದು ಎಣಿಸುವುದು ಸುಲಭ. ಆದರೆ ತಮ್ಮ ತಾಯಿಯ ಮಾತನ್ನು ಶಾಸ್ತ್ರದಂತೆ ಹೇಳಲೊಲ್ಲದ ಒಬ್ಬ ಮಾಸ್ತರರ ಪ್ರಾಮಾಣಿಕತೆ ಇದ್ದದ್ದು ಆ ಎರಡು ಪದಗಳಲ್ಲಿಯೇ. 'ಏನಾಕ್ಕೈತಿ ಅಂದ್ರ' ಎಂಬುದು ಮುಂದಿನ ಮಾತು ಹುಡುಕುವಷ್ಟು ಹೊತ್ತಿನ ಆಸರೆ, ಅದನ್ನು ತೆಗೆದರೆ ಏನೂ ಕೆಡದು. 'ಖರೇನೋ ಏನೋ', 'ನಾ ನೋಡೀನಿ, ಮಾಡಿಲ್ಲ' ಎಂಬಂಥವು ಹಾಗಲ್ಲ. ಅವನ್ನು ತೆಗೆದರೆ ಹೇಳಿಕೆಯ ತೂಕವೇ ಬದಲಾಗುತ್ತದೆ. ತೆಗೆದು ಓದಿ ನೋಡಿದಾಗ ಮಾತು ಮೊದಲಿಗಿಂತ ಹೆಚ್ಚು ಖಚಿತವಾಗಿ ಕೇಳಿಸಿತೆಂದರೆ, ತೆಗೆದದ್ದು ಬರಿಯ ಆಸರೆಯಾಗಿರಲಿಲ್ಲವೆಂದೇ ತಿಳಿಯಬೇಕು.

ಇದಕ್ಕಿಂತ ದೊಡ್ಡ ತಪ್ಪೊಂದು ಆ ಕರಡಿನಲ್ಲಿತ್ತು. ಅದನ್ನು ಮಾಸ್ತರರೂ ಒಂದೇ ಓದಿಗೆ ಹಿಡಿಯಲಿಲ್ಲ. ಮಾತಿನಲ್ಲಿ ಹಿಂದುಮುಂದಾಗಿ ಬಂದ ಸಂಗತಿಗಳನ್ನು ಆಕೆ ವಿಷಯವಾರು ಒಟ್ಟುಗೂಡಿಸಿದ್ದಳು: ಹಾಸಿನದೆಲ್ಲ ಒಂದು ಕಡೆ, ಪವರ್‌ಲೂಮ್ ಬಂದದ್ದು ಒಂದು ಕಡೆ, ಮಾಸ್ತರರ ಬಾಳಿನ ಕತೆ ಒಂದು ಕಡೆ. ಹಾಗೆ ಮಾಡುವಾಗ "ಹಂಗಾಗಿ ನಾ ಮಗ್ಗ ಬಿಟ್ಟೆ" ಎಂಬ ವಾಕ್ಯ ಪವರ್‌ಲೂಮಿನ ಖಂಡದ ಕೊನೆಗೆ ಬಂದು ನಿಂತಿತ್ತು. ಓದಿದವರಿಗೆ ಪವರ್‌ಲೂಮ್ ಬಂದದ್ದರಿಂದ ಇವರು ಮಗ್ಗ ಬಿಟ್ಟರೆಂದು ಅನಿಸುವುದು ಸಹಜ. ಎಲ್ಲರೂ ಹೇಳುವ ಕತೆಯೂ ಅದೇ ಆದುದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮಾಸ್ತರರೇ ಫೋನು ಮಾಡಿದರು. "ಮಗ್ಗ ಬಿಟ್ಟದ್ದು ಎಲ್ಲಿ ಬಂದೈತಿ, ಇನ್ನೊಮ್ಮಿ ಓದವಾ" ಎಂದರು. ಅಂಚಿನಲ್ಲಿ ಬರೆದಿದ್ದ ಸಮಯದ ಗುರುತು ಆಗ ನೆರವಿಗೆ ಬಂದಿತು. ಆ ವಾಕ್ಯ 52ನೆಯ ನಿಮಿಷದ್ದು, ಅದರ ಹಿಂದಿನ ಮಾತು, "ಅಪ್ಪನ ಕಣ್ಣು ಹೋದುವು. ಅದ ವರ್ಷ ನನಗ ಮಾಸ್ತರಿಕಿ ಸಿಕ್ತು." ಪವರ್‌ಲೂಮಿನ ಮಾತು ಬಂದದ್ದು 70ನೆಯ ನಿಮಿಷದಲ್ಲಿ. ತಾವಾಗಿ ಬಿಟ್ಟದ್ದನ್ನು ಯಂತ್ರ ಬಿಡಿಸಿತೆಂದು ಅಚ್ಚಾದರೆ, ಇಂದಿಗೂ ಬಿಡದೆ ನೇಯುತ್ತಿರುವ ಓಣಿಯವರ ಎದುರು ಅವರು ತಲೆಯೆತ್ತುವುದು ಹೇಗೆ?

ಹಾಗಾಗಿ, ಆದ್ದರಿಂದ, ಅದಕ್ಕೆ, ಅಂವ, ಅದು ಎಂಬ ಪದಗಳಿಂದ ಆರಂಭವಾಗುವ ವಾಕ್ಯವನ್ನು ಅದರ ಹಿಂದಿನ ವಾಕ್ಯದಿಂದ ಬಿಡಿಸಿ ಸಾಗಿಸಬಾರದೆಂಬುದನ್ನು ಉಪನ್ಯಾಸಕಿ ಅಂದು ಕಲಿತದ್ದು ಹೀಗೆ. ಸಾಗಿಸಲೇಬೇಕಾದರೆ ಎರಡನ್ನೂ ಕೂಡಿಯೇ ಸಾಗಿಸಬೇಕು.

ಎರಡನೆಯ ಕರಡಿಗೆ ಆಕೆ ಬೇರೆ ದಾರಿ ಹಿಡಿದಳು. ಮಾತಿನ ಕ್ರಮವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿದಳು. ಕೊಂಡಿಯ ವಿಚಾರವನ್ನು ಮಾಸ್ತರರು ಮೂರು ಸಲ ಹೇಳಿದ್ದರು. ಮೂರರಿಂದಲೂ ಒಳ್ಳೆಯ ವಾಕ್ಯಗಳನ್ನು ಆಯ್ದು ಬೆರೆಸಿದರೆ ಯಾರೂ ಎಂದೂ ಆಡದ ಮಾತಾಗುತ್ತದೆ. ಆದುದರಿಂದ ಒಂದನ್ನು ಇಡಿಯಾಗಿ ತೆಗೆದುಕೊಂಡು ಉಳಿದೆರಡನ್ನು ಬಿಟ್ಟಳು. ಆಯ್ದದ್ದು ಕೊನೆಯದನ್ನು. ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವಾಗಿ ಬಂದುದರಿಂದ ಅದರಲ್ಲಿ ವಿವರಣೆ ಹೆಚ್ಚು ನಿಚ್ಚಳವಾಗಿತ್ತು. ಮೇಲೆ ಕಾಣಿಸಿದ ಖಂಡ ಅಲ್ಲಿಯದೇ. ಅದು ಈಗ ಹೀಗಾಯಿತು:

"ಒಡಲಿಂದು ಹತ್ತಿ ಹಾಸು, ಸೆರಗಿಂದು ರೇಶ್ಮಿ ಹಾಸು, ಎರಡೂ ಬ್ಯಾರೆ ಬ್ಯಾರೆ. ಇವೆರಡನ್ನೂ ಗಂಟು ಹಾಕೂದಿಲ್ಲ. ಗಂಟಲ್ಲ ಅದು, ಕೊಂಡಿ. ಒಂದರ ಕೊಂಡ್ಯಾಗ ಒಂದು ಸಿಗಸತಾರ. ನಮ್ಮವ್ವ ಸಿಗಸತಿದ್ಲು, ನಾ ನೋಡೀನಿ, ಮಾಡಿಲ್ಲ. ಒಂದೊಂದ ಎಳಿ, ಒಂದೊಂದ ಎಳಿ."

ಹೊಸದಾಗಿ ಸೇರಿದ ಪದ ಇದರಲ್ಲಿ ಒಂದೂ ಇಲ್ಲ. 'ಅಲ್ಲ, ಗಂಟಲ್ಲ ಅದು' ಎಂದು ಮಾಸ್ತರರು ತಮ್ಮನ್ನು ತಾವೇ ತಿದ್ದಿಕೊಂಡದ್ದರ ಗುರುತನ್ನು ಆಕೆ ಬೇಕೆಂದೇ ಉಳಿಸಿದ್ದಾಳೆ. ಇಸವಿ ತಪ್ಪಿ ಹೇಳಿ ಸರಿಪಡಿಸಿಕೊಂಡ ಕಡೆಯಲ್ಲಿ ಸರಿಯಾದುದನ್ನಷ್ಟೇ ಇಟ್ಟರೆ ಸಾಕು; ಆದರೆ ಗಂಟಿಗೂ ಕೊಂಡಿಗೂ ಇರುವ ಅಂತರ ಓದುಗರಿಗೆ ತಿಳಿಯುವುದೇ ಈ ತಿದ್ದುಪಡಿಯಿಂದ.

ಎಂಟು ಸಾವಿರ ಪದಗಳು ಸಾವಿರದೈನೂರಕ್ಕೆ ಇಳಿಯಬೇಕಾದರೆ ನಡುನಡುವೆ ಸಂಗತಿಗಳನ್ನು ಬಿಟ್ಟು ಮುಂದೆ ಸಾಗಲೇಬೇಕು. ಆ ತೆರವುಗಳಲ್ಲಿ ಬರೆಯುವ ಕೂಡುವಾಕ್ಯಗಳು ಯಾರ ದನಿಯಲ್ಲಿರಬೇಕು? ಇದಕ್ಕೆ ನಮ್ಮಲ್ಲಿಯೇ ಒಂದು ಮೇಲ್ಪಂಕ್ತಿ ಇದೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಅಣಿಗೊಳಿಸಿದಾಗ, ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೆಣೆದು, ನಡುವೆ ತಮ್ಮ ಗದ್ಯವನ್ನಿಟ್ಟರು. ಶರಣರ ಮಾತಿಗೆ ಅವರವರ ಅಂಕಿತವಿದೆ. ಸಂಪಾದಕರ ಗದ್ಯಕ್ಕೆ ಅದಿಲ್ಲ. ಯಾವುದು ಯಾರದೆಂದು ಓದುವವರಿಗೆ ತಿಳಿಯುತ್ತದೆ. ಉಪನ್ಯಾಸಕಿಯೂ ಕೂಡುವಾಕ್ಯಗಳನ್ನು ತಾನು ಬರೆಯುವ ಶಿಷ್ಟ ಕನ್ನಡದಲ್ಲಿ, ಉದ್ಧರಣ ಚಿಹ್ನೆಯ ಹೊರಗೆ, ಚಿಕ್ಕದಾಗಿ ಬರೆದಳು. ಮಾಸ್ತರರ ಕನ್ನಡವನ್ನು ಅನುಕರಿಸಿ ಅವರ ಬಾಯಿಗೆ ಹೊಸ ವಾಕ್ಯ ಇಡುವ ಆಸೆ ಒಂದೆರಡು ಕಡೆ ಬಾರದಿರಲಿಲ್ಲ. ಅನುಕರಣೆ ಚೆನ್ನಾಗಿದ್ದಷ್ಟೂ ಅಪಾಯ ಹೆಚ್ಚು.

ಕಾಗುಣಿತದ ತೊಡಕು ಮಾತ್ರ ಪೂರ್ತಿ ಬಗೆಹರಿಯಲಿಲ್ಲವೆನ್ನಬೇಕು. ಮಾಸ್ತರರು ಒಮ್ಮೆ 'ರೇಶ್ಮಿ' ಎಂದರೆ ಇನ್ನೊಮ್ಮೆ 'ರೇಷ್ಮೆ' ಎನ್ನುವರು. ಎದುರಿಗೆ ಪ್ರಾಂಶುಪಾಲರು ಮಾತನಾಡಿಸಿದಾಗ ಗ್ರಂಥಸ್ಥ ಕನ್ನಡ, ಮನೆಯ ನೆನಪು ಬಂದಾಗ ಮನೆಯ ಕನ್ನಡ. ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕೆಂದು ಒಬ್ಬ ಸಹೋದ್ಯೋಗಿ ಸೂಚಿಸಿದರು. ಆಕೆ ಒಪ್ಪಲಿಲ್ಲ, ಒಂದು ವಾಕ್ಯದೊಳಗೆ ಒಂದೇ ರೂಪ ಎಂಬಷ್ಟಕ್ಕೆ ನಿಲ್ಲಿಸಿದಳು.

ಎರಡನೆಯ ಓದು ಮುಗಿದಾಗ ಮಾಸ್ತರರು ತೆಗೆಯಿಸಿದ್ದು ಒಂದು ಹೆಸರನ್ನು ಮಾತ್ರ, ಬದುಕಿರುವ ನೆರೆಯವರದ್ದು. ಇನ್ನೊಂದು ಕಡೆ, 63ನೆಯ ನಿಮಿಷದಲ್ಲಿ, ಸಂಪರ್ಕ ಕಡಿದು 40 ಸೆಕೆಂಡಿನಷ್ಟು ಮಾತು ಹೋಗಿತ್ತು. ಅಲ್ಲಿ ಏನು ಹೇಳಿದಿರಿ ಎಂದು ಕೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಾಡಿಂದು ಏನರ ಇರಬೇಕು, ತಂಗಿ. ನೆನಪಾಗವಲ್ದು" ಎಂದರು. ಲೇಖನದಲ್ಲಿ ಆ ಜಾಗದಲ್ಲಿ ಧ್ವನಿಮುದ್ರಿಕೆ ಕೇಳಿಸುವುದಿಲ್ಲ ಎಂದು ಬರೆದು ಹಾಗೆಯೇ ಬಿಡಲಾಯಿತು.