ಎರಡು ಫೋಟೋಗಳ ನಡುವಿನ ಗಾಳಿ

ಗದಗಿನ ಕಡೆ ಓಡಾಡಿದವರಿಗೆ ಕಪ್ಪತಗುಡ್ಡದ ಸಾಲಿನ ಮೇಲೆ ನಿಂತಿರುವ ಗಾಳಿಯಂತ್ರಗಳು ಗೊತ್ತು. ಆ ಗುಡ್ಡ ದೂರದಲ್ಲಿ ನೀಲಿಯಾಗಿ ಕಾಣುವ ಊರು ನಮ್ಮದು. ಹೀಗಾಗಿ ಹೊಲದ ಮನೆಗೂ ಒಂದು ಪುಟ್ಟ ಗಾಳಿಯಂತ್ರ ಹಾಕಿಸಿಕೊಳ್ಳಿ ಅಂತ ಮಾರಾಟದವರು ಬಂದಾಗ ನನ್ನ ತಮ್ಮನಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಎರಡು ಮೀಟರ್ ಅಗಲದ ಚಕ್ರ, ಒಂದು ಕಿಲೋವ್ಯಾಟ್ ಕರೆಂಟು. ದುಡ್ಡಿಗೆ ಸೊಸೈಟಿ ಸಾಲ. "ಅಣ್ಣಾ, ನಮ್ಮ ಹೊಲದಾಗ ಗಾಳಿಗೇನು ಬರ ಐತೇನು?" ಅಂತ ಫೋನಲ್ಲಿ ಕೇಳಿದ. ಅವನು ಕಳಿಸಿದ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ, ಆ ಒಂದು ಕಿಲೋವ್ಯಾಟ್ ಸಿಗೋದು ಗಾಳಿ ಸೆಕೆಂಡಿಗೆ 12 ಮೀಟರ್ ಇದ್ದಾಗ ಅಂತಿತ್ತು. ನಮ್ಮ ಹೊಲದಲ್ಲಿ ಎಷ್ಟಿದೆ? ಅಳೆದೇ ನೋಡಬೇಕು.

ಅಳೆಯೋಕೆ ಬೇಕಾದ್ದು ಮೂರು ಬಟ್ಟಲಿನ ಗಾಳಿಮಾಪಕ. ನೋಡಿರ್ತೀರಿ, ಅಡ್ಡಲಾಗಿ ತಿರುಗುವ ಮೂರು ಅರ್ಧಗೋಲಗಳು. ಗಾಳಿ ಬಟ್ಟಲಿನ ಬಾಯಿಗೆ ಜೋರಾಗಿ ಒತ್ತುತ್ತೆ, ಉಬ್ಬಿದ ಬೆನ್ನಿನ ಮೇಲೆ ಜಾರಿ ಹೋಗುತ್ತೆ. ಆ ವ್ಯತ್ಯಾಸಕ್ಕೇ ಅದು ತಿರುಗೋದು. ಪ್ರತಿ ಸುತ್ತಿಗೆ ಒಂದು ಅಯಸ್ಕಾಂತ ಸ್ವಿಚ್ಚಿನ ಎದುರು ಹಾದು ಕೌಂಟರ್‌ನಲ್ಲಿ ಒಂದು ಸಂಖ್ಯೆ ಏರುತ್ತೆ. ನಾನು ಇಂಥದ್ದೊಂದನ್ನು ಊರಿಗೆ ಒಯ್ದು, ಗಾಳಿಯಂತ್ರ ಕೂರಿಸಬೇಕು ಅಂದಿದ್ದ ಎತ್ತರಕ್ಕೇ ಕಂಬ ನೆಟ್ಟು ಕಟ್ಟಿದೆ. ಮನೆ, ಮರಗಳ ಮರೆಯಲ್ಲೋ ನೆಲದ ಹತ್ತಿರವೋ ಇಟ್ಟರೆ ಗಾಳಿ ಕಡಿಮೆ ತೋರಿಸುತ್ತೆ. ಕೌಂಟರನ್ನು ಕೆಳಗೆ ಕೈಗೆಟುಕುವ ಹಾಗೆ ಇಟ್ಟೆ. ತಮ್ಮನ ಕೆಲಸ ಇಷ್ಟೇ: ಕೌಂಟರಿನ ಒಂದು ಫೋಟೋ, ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ.

ಆದರೆ ಒಂದು ಷರತ್ತು ಹಾಕಿದ್ದೆ. ಸೆಕೆಂಡು ತೋರಿಸುವ ಗಡಿಯಾರವೂ ಅದೇ ಫೋಟೋದೊಳಗೆ ಇರಬೇಕು. ವಾಟ್ಸಪ್‌ನಲ್ಲಿ ಬಂದ ಫೋಟೋದ ಪಕ್ಕ ಕಾಣೋದು ಕಳಿಸಿದ ಸಮಯ, ತೆಗೆದ ಸಮಯ ಅಲ್ಲ. ಹೊಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಎರಡೂ ಬೇರೆ ಬೇರೆ. ಒಂದು ದಿನದ ಲೆಕ್ಕ ನೋಡಿ. ಮೊದಲ ಫೋಟೋದಲ್ಲಿ ಗಡಿಯಾರ 4:10:05, ಕೌಂಟರ್ 21460. ಎರಡನೆಯದರಲ್ಲಿ 4:20:09, ಕೌಂಟರ್ 23272. ಅಂದರೆ 604 ಸೆಕೆಂಡಿಗೆ 1812 ಸುತ್ತು, ಸೆಕೆಂಡಿಗೆ ಸರಿಯಾಗಿ 3. ಎರಡನೇ ಫೋಟೋ ನನಗೆ ತಲುಪಿದ್ದು 4:22ಕ್ಕೆ. ಅದನ್ನೇ ನಂಬಿ 720 ಸೆಕೆಂಡು ಅಂತ ಹಿಡಿದಿದ್ದರೆ ಸೆಕೆಂಡಿಗೆ ಬರೀ ಎರಡೂವರೆ ಸುತ್ತು ಬರ್ತಿತ್ತು.

ಸೆಕೆಂಡಿಗೆ 3 ಸುತ್ತು ಅಂದರೆ ಗಾಳಿ ಎಷ್ಟು? ಇಲ್ಲೇ ಇರೋದು ನಿಜವಾದ ತೊಡಕು. ನಮ್ಮ ಮಾಪಕದ ಅಚ್ಚಿನಿಂದ ಬಟ್ಟಲಿನ ನಡುವಿಗೆ 7 ಸೆಂಟಿಮೀಟರ್. ಒಂದು ಸುತ್ತಿಗೆ ಬಟ್ಟಲು 44 ಸೆಂಟಿಮೀಟರ್ ಓಡುತ್ತೆ. ಬಟ್ಟಲು ಗಾಳಿಗಿಂತ ತುಂಬ ನಿಧಾನ, ಆದರೆ ಎಷ್ಟು ಪಟ್ಟು ನಿಧಾನ? 1846ರಲ್ಲಿ ನಾಲ್ಕು ಬಟ್ಟಲಿನ ಮಾಪಕ ಮಾಡಿದ ಐರ್ಲೆಂಡಿನ ಥಾಮಸ್ ರಾಮ್ನಿ ರಾಬಿನ್ಸನ್, ಬಟ್ಟಲು ಎಷ್ಟೇ ದೊಡ್ಡದಿರಲಿ, ತೋಳು ಎಷ್ಟೇ ಉದ್ದವಿರಲಿ, ಮೂರು ಪಟ್ಟು ಅಂದುಕೊಂಡಿದ್ದ. ಅದು ನಿಜವಲ್ಲ. ಬಟ್ಟಲಿನ ಅಳತೆ, ತೋಳಿನ ಉದ್ದ ಬದಲಾದ ಹಾಗೆ ಈ ಪಟ್ಟೂ ಬದಲಾಗುತ್ತೆ. ನಮ್ಮ ಮಾಪಕಕ್ಕೆ ಮೂರು ಪಟ್ಟು ಅಂದರೆ ಗಾಳಿ ಸೆಕೆಂಡಿಗೆ 3.96 ಮೀಟರ್, ಎರಡೂವರೆ ಅಂದರೆ 3.3. ಈ ವ್ಯತ್ಯಾಸ ಸಣ್ಣದಲ್ಲ ಅನ್ನೋದು ಮುಂದೆ ಗೊತ್ತಾಗುತ್ತೆ.

ಪಟ್ಟು ಕಂಡುಹಿಡಿಯೋಕೆ ಬೈಕ್ ಸಾಕು. ಗಾಳಿಯೇ ಇಲ್ಲದ ನಸುಕಿನಲ್ಲಿ ಊರ ಹೊರಗಿನ ನೇರ ರಸ್ತೆಯಲ್ಲಿ 500 ಮೀಟರ್ ಅಳೆದು ಎರಡು ಕಡೆ ಸುಣ್ಣದ ಗೆರೆ ಹಾಕಿದೆವು. ತಮ್ಮ ಬೈಕ್ ಓಡಿಸಿದ, ನಾನು ಹಿಂದೆ ಕೂತು ಮಾಪಕವನ್ನು ಉದ್ದನೆಯ ಕೋಲಿಗೆ ಕಟ್ಟಿ ತಲೆಗಿಂತ ಸಾಕಷ್ಟು ಮೇಲೆ ಹಿಡಿದಿದ್ದೆ. ಮೈಗೆ ತಾಗಿ ಚೆದುರಿದ ಗಾಳಿ ಅದಕ್ಕೆ ಸಿಗಬಾರದು. ಒಂದೇ ಸಮ ಗಂಟೆಗೆ 20 ಕಿಲೋಮೀಟರ್‌ನಲ್ಲಿ ಹೋಗುವಾಗ 412 ಸುತ್ತು, ಬರುವಾಗ 388. ಕಾಣದಷ್ಟು ಸಣ್ಣ ಗಾಳಿಯೊಂದು ಹೋಗುವಾಗ ಎದುರಿಗಿತ್ತು, ಬರುವಾಗ ಬೆನ್ನಿಗಿತ್ತು. ಸರಾಸರಿ ತೆಗೆದರೆ ಅದು ವಜಾ ಆಗುತ್ತೆ. 500 ಮೀಟರ್ ಗಾಳಿಗೆ 400 ಸುತ್ತು, ಒಂದು ಸುತ್ತಿಗೆ 1.25 ಮೀಟರ್. ಪಟ್ಟು ಸುಮಾರು 2.84. ಅಂದರೆ ಆ ದಿನ ಸಂಜೆಯ ಗಾಳಿ ಸೆಕೆಂಡಿಗೆ 3.75 ಮೀಟರ್, ಗಂಟೆಗೆ 13.5 ಕಿಲೋಮೀಟರ್.

ಕೌಂಟರೇ ಸುಳ್ಳು ಹೇಳ್ತಿಲ್ಲ ಅಂತ ಹೇಗೆ ನಂಬೋದು? ಸ್ವಿಚ್ಚು ಒಂದೊಂದು ಸಲ ಅದುರಿ ಒಂದೇ ಸುತ್ತನ್ನು ಎರಡು ಅಂತ ಎಣಿಸುತ್ತೆ. ಅದಕ್ಕೆ ಒಂದು ಬಟ್ಟಲಿಗೆ ಕೆಂಪು ಬಣ್ಣ ಬಳಿದು ಒಂದು ನಿಮಿಷ ವಿಡಿಯೋ ಮಾಡಿ, ಕೆಂಪು ಬಟ್ಟಲು ಎಷ್ಟು ಸಲ ಬಂತು ಅಂತ ಎಣಿಸಿ ಕೌಂಟರಿನ ಜೊತೆ ಹೋಲಿಸಿ ನೋಡಿದೆವು. ಬಣ್ಣ ಬೇಕೇ ಬೇಕು. ಮೊಬೈಲ್ ವಿಡಿಯೋದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ. ಸೆಕೆಂಡಿಗೆ 10 ಸುತ್ತು ತಿರುಗಿದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಬಟ್ಟಲು ಸರಿಯಾಗಿ ಮೂರನೇ ಒಂದು ಸುತ್ತು ಸರಿದು, ಪಕ್ಕದ ಬಟ್ಟಲಿನ ಜಾಗದಲ್ಲೇ ನಿಲ್ಲುತ್ತೆ. ಮೂರೂ ಒಂದೇ ಥರ ಇದ್ದರೆ, ಅಷ್ಟು ಜೋರು ಗಾಳಿಯಲ್ಲಿ ಮಾಪಕ ನಿಂತೇ ಹೋಗಿದೆ ಅನ್ನಿಸುತ್ತೆ! ಅದಕ್ಕಿಂತ ಸ್ವಲ್ಪ ನಿಧಾನವಾದರೆ ಹಿಂದಕ್ಕೆ ತಿರುಗಿದಂತೆ ಕಾಣುತ್ತೆ. ಬಟ್ಟಲು ಯಾವಾಗಲೂ ಉಬ್ಬಿದ ಬೆನ್ನನ್ನು ಮುಂದೆ ಮಾಡಿಕೊಂಡೇ ಓಡುತ್ತೆ. ವಿಡಿಯೋದಲ್ಲಿ ಬಾಯಿ ಮುಂದಾಗಿ ಓಡಿದರೆ ಆ ಎಣಿಕೆ ನಂಬಬೇಡಿ, ಸ್ಲೋ ಮೋಷನ್‌ನಲ್ಲಿ ಮತ್ತೆ ತೆಗೆಯಿರಿ.

ಈಗ ಸಾಲದ ಮಾತು. ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. 12 ಮೀಟರ್ ಅನ್ನೋದು ನಮ್ಮ 3.75ರ 3.2 ಪಟ್ಟು, ಅದರ ಘನ ಸುಮಾರು 33. ಸಾವಿರ ವ್ಯಾಟ್ ಅನ್ನು 33ರಿಂದ ಭಾಗಿಸಿದರೆ 30 ವ್ಯಾಟ್. ಫ್ಯಾನೂ ಸರಿಯಾಗಿ ತಿರುಗಲ್ಲ. ಪಟ್ಟಿನ ಬಗ್ಗೆ ಅಷ್ಟು ತಲೆಕೆಡಿಸಿಕೊಂಡಿದ್ದೂ ಇದಕ್ಕೇ. 3.3 ಮತ್ತು 3.96ರ ನಡುವೆ ಶಕ್ತಿಯಲ್ಲಿ 1.7 ಪಟ್ಟು ಅಂತರ ಇದೆ.

"ಬರೇ ಮೂವತ್ತಾ? ನಡುನಡುವ ಭಾಳ ಜೋರ ಬೀಸ್ತಿತ್ತಲ್ಲ" ಅಂದ ತಮ್ಮ. ಅವನ ಮಾತಲ್ಲಿ ಹುರುಳಿತ್ತು. ಹತ್ತು ನಿಮಿಷದ ಸರಾಸರಿ ಬಿರುಸನ್ನು ನುಂಗಿಬಿಡುತ್ತೆ. ಅರ್ಧ ಹೊತ್ತು 2 ಮೀಟರ್, ಇನ್ನರ್ಧ 5.5 ಬೀಸಿದರೂ ಸರಾಸರಿ 3.75ಏ. ಆದರೆ ಘನಗಳ ಸರಾಸರಿ 53ರ ಬದಲು 87 ಆಗುತ್ತೆ. ಆಮೇಲೆ ಅವನು ಹತ್ತು ನಿಮಿಷದಲ್ಲಿ ನಿಮಿಷಕ್ಕೊಂದರಂತೆ ಹನ್ನೊಂದು ಫೋಟೋ ತೆಗೆದ. ಪ್ರತಿ ನಿಮಿಷದ ವೇಗದ ಘನ ತೆಗೆದು, ಆಮೇಲೆ ಸರಾಸರಿ ಮಾಡಿದೆವು. ಹಾಗೆ ಮಾಡಿದರೂ ಬೇಸಿಗೆಯ ಯಾವ ಸಂಜೆಯೂ 60 ವ್ಯಾಟ್ ದಾಟಲಿಲ್ಲ.

ಸಾಲದ ಅರ್ಜಿ ಸದ್ಯಕ್ಕೆ ಕಪಾಟಿನಲ್ಲಿದೆ. ಆದರೆ ಬೇಸಿಗೆಯ ಅಳತೆಯಿಂದ ಆಷಾಢದ ಗಾಳಿಗೆ ತೀರ್ಪು ಕೊಡೋಕಾಗಲ್ಲ. ಯಂತ್ರದಿಂದ 300 ವ್ಯಾಟಾದರೂ ಬರಬೇಕು ಅಂದರೆ ಗಾಳಿ ಸೆಕೆಂಡಿಗೆ 8 ಮೀಟರ್ ಇರಬೇಕು. ಕೌಂಟರಿನ ಭಾಷೆಯಲ್ಲಿ ಹೇಳಿದರೆ ಹತ್ತು ನಿಮಿಷಕ್ಕೆ ಸುಮಾರು 3850 ಸುತ್ತು. ಆಷಾಢದಲ್ಲಿ ಆ ಸಂಖ್ಯೆ ದಿನಕ್ಕೆ ಎಷ್ಟು ತಾಸು ಬರುತ್ತೆ, ವರ್ಷದಲ್ಲಿ ಅಂಥ ತಾಸು ಎಷ್ಟು ಅಂತ ನೋಡಿಯೇ ಅರ್ಜಿ ಹೊರತೆಗೆಯೋದು ಅಂತ ತಮ್ಮನೇ ಹೇಳಿದ.