ಕಿಸೆದಾಗಿನ ರೊಕ್ಕ ಎಲ್ಲಿ ಹೋತು?

ಜೈನಾಪುರದಾಗ ನಾನು, ನನ್ನ ತಮ್ಮ ಎರಡು ಎಕರೆ ದ್ರಾಕ್ಷಿ ಕೂಡಿ ಮಾಡ್ತೀವಿ. ಖರ್ಚು ಅರ್ಧಾ ಅರ್ಧಾ, ರೊಕ್ಕದ ವ್ಯವಹಾರ ನನ್ನ ಕೈಯಾಗ. ಹೋದ ವರ್ಷ ಮಾಲು ಹೋದ ಮ್ಯಾಲೆ ಲೆಕ್ಕಕ್ಕ ಕುಂತ್ವಿ. ಗೊಬ್ಬರ, ಔಷಧದ ಬಿಲ್ ಎಲ್ಲಾ ಸಿಕ್ಕುವು. ಪಾಸ್‌ಬುಕ್ಕಿನಾಗ ಮಾತ್ರ ಎಟಿಎಂದಿಂದ ಐದೈದು ಸಾವಿರ ತೆಗೆದ ಸಾಲುಗಳೇ ಇದ್ದುವು. ಅದರಾಗ 31,000 ರೂಪಾಯಿ ಏನಾತು ಅಂತ ನನಗ ಹೇಳಾಕ ಬರಲಿಲ್ಲ. ತಮ್ಮ "ಇರಲಿ ಬಿಡಣ್ಣಾ" ಅಂದ. ಬೈದಿದ್ರ ಅಷ್ಟು ಹತ್ತತಿರಲಿಲ್ಲ.

ಮೊದಲು ಒಂದು ದೊಡ್ಡ ಡೈರಿ ತಂದು ಖರ್ಚು ಆದಂಗ ಬರಿಯಾಕ ಹೊಂಟೆ. ಹನ್ನೊಂದು ದಿನ ನಡೀತು. ಹೊಲದಾಗ ಔಷಧ ಹೊಡಿಯೂ ಮುಂದ ಯಾರು ಪೆನ್ನು ಹಿಡೀತಾರ? ರಾತ್ರಿ ನೆನಪು ಮಾಡ್ಕೊಂಡು ಬರೆದ್ರ ದೊಡ್ಡ ಖರ್ಚು ಬರ್ತಾವ, ಸಣ್ಣವು ಬರೂದಿಲ್ಲ. ಕೈ ಬಿಟ್ಟುಹೋಗೂದು ಆ ಸಣ್ಣವರಾಗೇ.

ಈಗ ಉಲ್ಟಾ ಮಾಡ್ತೀನಿ. ಖರ್ಚು ನೆನಪು ಮಾಡೂದಕ್ಕಿಂತ ಮೊದಲು ಉಳಿದ ರೊಕ್ಕ ಎಣಸ್ತೀನಿ. ರಾತ್ರಿ ಮೊಬೈಲ್ ಚಾರ್ಜಿಗೆ ಹಚ್ಚೂದು ನಾನು ಒಂದು ದಿನಾನೂ ತಪ್ಪಿಸೂದಿಲ್ಲ, ಹಂಗಾಗಿ ಚಾರ್ಜರ್ ಬಾಜೂಕ ಒಂದು ತಾಟು, ಒಂದು ಸಣ್ಣ ನೋಟ್‌ಬುಕ್ ಇಟ್ಟೀನಿ. ಕಿಸೆ ಪೂರಾ ತಾಟಿಗೆ ಸುರುವಿ ಎಣಸೂದು.

ಅಕ್ಟೋಬರ್ ಚಾಟ್ನಿ ಮುಗಿದ ಮ್ಯಾಲಿನ ಒಂದು ದಿನ ಹೇಳ್ತೀನಿ. ಮುಂಜಾನೆ ಕಿಸೆದಾಗ 640 ಇತ್ತು, ಎಟಿಎಂದಿಂದ 5,000 ತಂದೆ, ಒಟ್ಟು 5,640. ರಾತ್ರಿ ತಾಟಿನಾಗ 1,210 ಉಳಿದಿತ್ತು. ಅಂದ್ರ 4,430 ಹೊರಗ ಹೋಗೇತಿ, ಇದಕ್ಕ ನೆನಪಿನ ಹಂಗಿಲ್ಲ. ಆಮ್ಯಾಲೆ ಗೊತ್ತಿದ್ದದ್ದು ಬರೆದೆ: ಕಸ ತೆಗಿಯಾಕ ಬಂದ ಎಂಟು ಮಂದಿ ಹೆಣ್ಣಾಳಿಗೆ 2,400, ಅವರನ್ನ ಕರ್ಕೊಂಡು ಬಂದ ಟಂಟಂಗೆ 400, ಚಹಾ ಚೂಡಾಕ್ಕ 160, ಗಾಡಿ ಪೆಟ್ರೋಲ್ 200, ಮನಿಗೆ ಕಾಯಿಪಲ್ಲೆ 180, ಒಬ್ಬ ಬೀಗರಿಗೆ ಕೈಗಡ 500. ಕೂಡಿಸಿದ್ರ 3,840. ಇನ್ನೂ 590 ಕಮ್ಮಿ. ಅಷ್ಟು ಕಮ್ಮಿ ಐತಿ ಅಂತ ಕಂಡಾಗೇ ಔಷಧ ಹೊಡಿಯೂ ಗನ್ನಿನ ವಾಶರ್, ಪೈಪಿನ ಕ್ಲಿಪ್ 350ಕ್ಕ ತಂದದ್ದು ನೆನಪಾತು. ಉಳಿದ 240 ನೆನಪಾಗಲಿಲ್ಲ. "ಗೊತ್ತಿಲ್ಲ 240" ಅಂತ ಬರೆದು ಮಲಗಿದೆ. ಸುಳ್ಳು ಹೆಸರು ಬರೆದು ಲೆಕ್ಕ ಕೂಡಿಸಬ್ಯಾಡ್ರಿ.

ಎರಡು ಮಾತು ಲಕ್ಷ್ಯದಾಗ ಇರಲಿ. ಎಟಿಎಂದಿಂದ ತೆಗೆದದ್ದು ಖರ್ಚಲ್ಲ, ಅದು ಕಿಸೆಗೆ ಬಂದದ್ದು. ಖರ್ಚಿನಾಗ ಬರೆದ್ರ ಎರಡು ಸಲ ಎಣಿಸಿದಂಗ ಆಗತೈತಿ. ಹಂಗೇ ಸಂತ್ಯಾಗ ನಾಕು ಕಿಲೋ ಲಿಂಬಿ ಮಾರಿ ಬಂದ ರೊಕ್ಕಾನೂ ಬಂದದ್ದರಾಗ ಬರೀಬೇಕು. ರಾತ್ರಿ ತಾಟಿನಾಗ ಲೆಕ್ಕಕ್ಕಿಂತ ಜಾಸ್ತಿ ರೊಕ್ಕ ಕಂಡ್ರ ಇಂಥಾದ್ದೇ ಯಾವುದೋ ಮರತೀರಿ ಅಂತ ತಿಳೀರಿ. ಕೈಗಡ ಬ್ಯಾರೆ ಪುಟಕ್ಕ, ಅದು ತಿರುಗಿ ಬರೂದು. (ಬರ್ಬೇಕು ಅನ್ನೂದು ನನ್ನ ಆಸೆ.) ಅಂಗಡಿ ಉದ್ರಿ ಈ ತಾಟಿನಾಗ ಕಾಣೂದಿಲ್ಲ. ರೊಕ್ಕ ಕೊಟ್ಟ ದಿನಾನೇ ಅದು ತಿಳಿಯೂದು, ಅದಕ್ಕ ಉದ್ರಿ ತಂದ ದಿನಾನೇ ಹಿಂದಿನ ಪುಟದಾಗ ಬರೀತೀನಿ.

ಮೊದಲ ತಿಂಗಳು "ಗೊತ್ತಿಲ್ಲ" ಬಾಳ ಬರ್ತಿತ್ತು. ಅರ್ಧಾ ನಮ್ಮ ಮನಿಯಾಕಿದು, ಕಿಸೆದಾಗಿಂದ ಹಾಲಿಗೆ, ಗಿರಣಿಗೆ ತೊಗೋತಿದ್ಲು. ಈಗ ತಾಟಿನಾಗ ಒಂದು ಚೀಟಿ ಇಡ್ತಾಳ. ಎರಡು ದಿನ ತಪ್ಪಿದ್ರ ಹಿಂದಿಂದು ಕೆದಕೂದಿಲ್ಲ. ಆ ಎರಡು ದಿನದ್ದು ಎಷ್ಟು ಕಮ್ಮಿ ಬಂತೋ ಅಷ್ಟನ್ನ ಒಂದೇ ಸಾಲಿನಾಗ ಬರೆದು, ಇವತ್ತಿನ ಎಣಿಕೆಯಿಂದ ಮುಂದ ಹೋಗ್ತೀನಿ. ಡೈರಿ ಬಿಟ್ಟುಹೋಗಿದ್ದೇ ಹಿಂದಿಂದು ತುಂಬಿಸಾಕ ಹೋಗಿ.

ಆ ಟಂಟಂ, ಚಹಾ ಕೂಡಿ 560 ಆತಲ್ಲ? ಎಂಟು ಮಂದಿಗೆ ಹಂಚಿದ್ರ ಆಳಿಗೆ 70. ನಾನು ವರ್ಷಾನುಗಟ್ಟಲೆ ಆಳು 300 ಅಂತ ಲೆಕ್ಕ ಹಿಡಿದಿದ್ದೆ, ಬೀಳ್ತಿದ್ದದ್ದು 370. ನಮ್ಮ ಎರಡು ಎಕರೆಕ್ಕ ವರ್ಷಕ್ಕ ಸುಮಾರು 400 ಹೊರಗಿನ ಆಳು ಬೇಕು. 28,000 ರೂಪಾಯಿ ಅಲ್ಲೇ ಹೋಗತೈತಿ.

ಹಿಂದಿನ 31,000 ಇದರಾಗೇ ಹೋಗಿರಬಹುದು, ಆದ್ರ ಸಾಬೀತು ಮಾಡಾಕ ನನ್ನ ಹತ್ತರ ಕಾಗದಿಲ್ಲ. ತಮ್ಮನ ಪಾಲಿನ 15,500 ತಿರುಗಿ ಕೊಟ್ಟೆ. ಈಗ ಅವ ಶನಿವಾರ ಚಹಾಕ್ಕ ಬಂದ್ರ ನೋಟ್‌ಬುಕ್ ತಿರುವಿ ನೋಡ್ತಾನ. ಮೊನ್ನೆ ಆ ಪುಟ ನೋಡಿ, "ಅಣ್ಣಾ, ಅವತ್ತು ಗಾಡಿ ಪಂಚರ್ ಆಗಿತ್ತಲ್ಲ, 200 ನೀನೇ ಕೊಟ್ಟಿ" ಅಂದ. ಹೊಡೆದು ಹಾಕಿ ತಿದ್ದಿದೆ. ಉಳಿದ 40 ಇನ್ನೂ ಹಂಗೇ ಐತಿ.